ಕಂತು ತಪ್ಪಿದರೆ ಏನಾಗುತ್ತದೆ? ವಿಮೆಯ ಕರಪತ್ರಕ್ಕೆ ಕನ್ನಡ ಪದ ಆರಿಸುವ ಬಗೆ

ಬ್ಯಾಂಕಿನ ಕೌಂಟರಿನಲ್ಲಿ ಇಡುವ ಜೀವವಿಮೆಯ ಕರಪತ್ರದಲ್ಲಿ ಸಾಮಾನ್ಯವಾಗಿ ಇಂಥದೊಂದು ವಾಕ್ಯ ಇರುತ್ತದೆ: ‘ಅನುಗ್ರಹ ಅವಧಿಯೊಳಗೆ ಪ್ರೀಮಿಯಂ ಪಾವತಿಯಾಗದಿದ್ದಲ್ಲಿ ಪಾಲಿಸಿಯು ವ್ಯಪಗತವಾಗತಕ್ಕದ್ದು, ಪುನಶ್ಚೇತನಕ್ಕೆ ನಿಯಮಗಳು ಅನ್ವಯಿಸುತ್ತವೆ.’ ಇದರಲ್ಲಿ ವ್ಯಾಕರಣದ ತಪ್ಪಿಲ್ಲ, ಆದರೆ ಕಂತು ಕಟ್ಟಲು ಮರೆತವರು ಈಗ ಏನು ಮಾಡಬೇಕೆಂಬುದು ಇದರಿಂದ ತಿಳಿಯುವುದಿಲ್ಲ. ಈ ಒಂದು ವಾಕ್ಯವನ್ನು ತಿದ್ದುತ್ತ ಹೋದರೆ ಪದಗಳನ್ನು ಆರಿಸುವ ಕ್ರಮವೂ ಸ್ಪಷ್ಟವಾಗುತ್ತದೆ.

ಮೊದಲು ನಿಘಂಟನ್ನು ಬದಿಗಿಟ್ಟು, ನಡೆಯುವ ಸಂಗತಿಯನ್ನು ತಾರೀಖು ಹಾಕಿ ಬರೆದುಕೊಳ್ಳಬೇಕು. ವರ್ಷಕ್ಕೊಮ್ಮೆ ಕಟ್ಟುವ ಪಾಲಿಸಿಯೊಂದರ ಗಡುವು ಜೂನ್ 10 ಎಂದಿಟ್ಟುಕೊಳ್ಳಿ. ಆ ದಿನ ಹಣ ಕಟ್ಟದಿದ್ದರೂ ಇನ್ನೂ 30 ದಿನ, ಅಂದರೆ ಜುಲೈ 10ರವರೆಗೆ, ಕಟ್ಟಬಹುದು. ತಿಂಗಳು ತಿಂಗಳು ಕಟ್ಟುವವರಿಗಾದರೆ 15 ದಿನ ಮಾತ್ರ. ಈ ದಿನಗಳಲ್ಲಿ ವಿಮಾದಾರರು ತೀರಿಕೊಂಡರೆ ಬಾಕಿ ಕಂತನ್ನು ಕಳೆದು ಉಳಿದ ಹಣವನ್ನು ಕೊಡುತ್ತಾರೆ. ಇದಿಷ್ಟು ಕಾಗದದ ಮೇಲೆ ಬಂದಾಗ ‘ಅನುಗ್ರಹ ಅವಧಿ’ ಏಕೆ ಸಲ್ಲದೆಂದು ತಾನೇ ತಿಳಿಯುತ್ತದೆ: ಇಲ್ಲಿ ಯಾರೂ ಯಾರಿಗೂ ಅನುಗ್ರಹ ಮಾಡುತ್ತಿಲ್ಲ. ಕೆಲವರು ‘ರಿಯಾಯಿತಿ ಅವಧಿ’ ಎಂದು ಬರೆಯುತ್ತಾರೆ. ಅದು ಇನ್ನೂ ಅಪಾಯದ ಪದ, ಏಕೆಂದರೆ ರಿಯಾಯಿತಿ ಎಂದರೆ ಅಂಗಡಿಯ ಬೆಲೆ ಇಳಿಕೆ ನೆನಪಾಗಿ, ತಡವಾಗಿ ಕಟ್ಟಿದರೆ ಕಡಿಮೆ ಹಣ ಸಾಕೆಂದು ಓದುಗರು ತಿಳಿಯಬಹುದು. ‘ಹೆಚ್ಚುವರಿ ದಿನಗಳು’ ಎಂದರೆ ಸಾಕು.

ಎರಡನೆಯದಾಗಿ, ಒಂದೇ ಹಾಳೆಯಲ್ಲಿ ಒಂದು ಪದ ಎರಡು ಕೆಲಸ ಮಾಡುತ್ತಿದೆಯೇ ಎಂದು ನೋಡಬೇಕು. ‘ಕಂತು’ ಎಲ್ಲರಿಗೂ ಗೊತ್ತಿರುವ ಒಳ್ಳೆಯ ಪದವೇ. ಆದರೆ ಮನೆಸಾಲದ ಜೊತೆಗೆ ವಿಮೆಯನ್ನೂ ಕೊಡುವ ಶಾಖೆಯಲ್ಲಿ ಸಾಲಕ್ಕೆ ಕಟ್ಟುವುದೂ ಕಂತು, ವಿಮೆಗೆ ಕಟ್ಟುವುದೂ ಕಂತು. ಅಂಥ ಹಾಳೆಯಲ್ಲಿ ‘ಸಾಲದ ಕಂತು’, ‘ವಿಮೆಯ ಕಂತು’ ಎಂದು ಪ್ರತಿ ಸಲವೂ ಪೂರ್ತಿ ಬರೆಯಬೇಕು. ರಸೀದಿಯ ಮೇಲೆ ‘ಪ್ರೀಮಿಯಂ’ ಎಂದೇ ಅಚ್ಚಾಗಿದ್ದರೆ ಆರಂಭದಲ್ಲಿ ಒಮ್ಮೆ ‘ವಿಮೆಯ ಕಂತು, ಅಂದರೆ ಪ್ರೀಮಿಯಂ’ ಎಂದು ಹೇಳಿ ಮುಂದುವರಿಯುವುದು ಲೇಸು.

‘ವ್ಯಪಗತ’ ಪದದ ವಿಚಾರ ಸ್ವಲ್ಪ ಸೂಕ್ಷ್ಮವಾದದ್ದು. ಇದನ್ನು ಸರಳಗೊಳಿಸಲು ಹೊರಟವರ ಕೈಗೆ ಮೊದಲು ಸಿಗುವ ಪದ ‘ರದ್ದು’, ಆದರೆ ರದ್ದಾದದ್ದು ಮುಗಿಯಿತೆಂದೇ ನಮ್ಮ ಜನ ತಿಳಿಯುತ್ತಾರೆ. ಸಾಮಾನ್ಯ ಜೀವವಿಮೆಯಲ್ಲಿ, ಷೇರು ಮಾರುಕಟ್ಟೆಗೆ ಜೋಡಿಸಿದ ಪಾಲಿಸಿಗಳನ್ನು ಬಿಟ್ಟರೆ, ಮೊದಲ ಬಾಕಿ ಕಂತಿನ ದಿನದಿಂದ 5 ವರ್ಷದೊಳಗೆ ಬಾಕಿ ಮತ್ತು ಬಡ್ಡಿ ಕಟ್ಟಿ, ಕೇಳಿದರೆ ಆರೋಗ್ಯದ ದಾಖಲೆಯನ್ನೂ ಕೊಟ್ಟು ಪಾಲಿಸಿಯನ್ನು ಉಳಿಸಿಕೊಳ್ಳಲು ಅವಕಾಶವಿದೆ. ‘ರದ್ದು’ ಎಂದು ಓದಿದವರು ಈ ಅವಕಾಶವನ್ನು ಕೇಳಲೂ ಹೋಗುವುದಿಲ್ಲ. ಆದ್ದರಿಂದ ‘ಪಾಲಿಸಿ ನಿಂತುಹೋಗುತ್ತದೆ’, ‘ಮತ್ತೆ ಚಾಲ್ತಿಗೆ ತರಬಹುದು’ ಎಂಬ ಜೋಡಿ ಸರಿ. ಪದ ಸುಲಭವಾಗಿದ್ದರೆ ಸಾಲದು, ಜೋಡಿಯ ಇನ್ನೊಂದು ಪದಕ್ಕೂ ಅದು ಹೊಂದಬೇಕು.

ವರ್ಷಕ್ಕೊಮ್ಮೆ ಕಟ್ಟುವ ಸಾಮಾನ್ಯ ಪಾಲಿಸಿಗೆ ತಿದ್ದಿದ ವಾಕ್ಯಗಳು ಹೀಗಿರಬಹುದು: ‘ವಿಮೆಯ ಕಂತನ್ನು ಗಡುವಿನ ದಿನ ಕಟ್ಟಲಾಗದಿದ್ದರೆ ಇನ್ನೂ 30 ದಿನಗಳೊಳಗೆ ಕಟ್ಟಬಹುದು. ಆಗಲೂ ಕಟ್ಟದಿದ್ದರೆ ಪಾಲಿಸಿ ನಿಂತುಹೋಗುತ್ತದೆ. ನಿಂತ ಪಾಲಿಸಿಯನ್ನು 5 ವರ್ಷದೊಳಗೆ ಬಾಕಿ ಮತ್ತು ಬಡ್ಡಿ ಕಟ್ಟಿ ಮತ್ತೆ ಚಾಲ್ತಿಗೆ ತರಲು ಕೋರಬಹುದು. ಕಂಪನಿ ನಿಮ್ಮ ಆರೋಗ್ಯದ ದಾಖಲೆ ಕೇಳಬಹುದು.’ ಮೂಲಕ್ಕಿಂತ ಇದು ಉದ್ದವೆಂಬುದು ನಿಜ, ಮುದ್ರಕರು ಗೊಣಗುವುದೂ ನಿಜ. ಜಾಗ ಬೇಕಾದರೆ ಕರಪತ್ರದ ನಗುವ ಕುಟುಂಬದ ಚಿತ್ರವನ್ನು ಚಿಕ್ಕದು ಮಾಡಬಹುದು.

ಕೆಲವು ಪದಗಳನ್ನು ಬದಲಿಸದಿರುವುದೇ ಸರಿ. ‘ನಾಮಿನಿ’ ಅಂಥದು. ಇದಕ್ಕೆ ‘ವಾರಸುದಾರ’ ಎಂದು ಬರೆದರೆ ಕನ್ನಡವಾಯಿತೆನಿಸುತ್ತದೆ, ಆದರೆ ಅರ್ಥ ಕೆಡುತ್ತದೆ. ಬ್ಯಾಂಕಿನ ಠೇವಣಿಯಲ್ಲಿ ನಾಮಿನಿ ಹಣ ಪಡೆಯುವವರು ಮಾತ್ರ, ಅದರಲ್ಲಿ ವಾರಸುದಾರರ ಹಕ್ಕು ಹಾಗೆಯೇ ಉಳಿಯುತ್ತದೆ. ಜೀವವಿಮೆಯಲ್ಲಾದರೋ 2015ರ ಕಾನೂನು ತಿದ್ದುಪಡಿಯ ನಂತರ ನಾಮಿನಿ ತಂದೆ, ತಾಯಿ, ಗಂಡ, ಹೆಂಡತಿ ಅಥವಾ ಮಕ್ಕಳಾಗಿದ್ದರೆ ಸಾಮಾನ್ಯವಾಗಿ ಆ ಹಣ ಅವರಿಗೇ ಸೇರುತ್ತದೆ. ಹಳ್ಳಿಯ ಶಾಖೆಯಲ್ಲೂ ಜನ ‘ನಾಮಿನಿ ಯಾರು ಹಾಕಲಿ?’ ಎಂದೇ ಕೇಳುತ್ತಾರೆ. ಪದವನ್ನು ಹಾಗೆಯೇ ಇಟ್ಟು, ಆ ಯೋಜನೆಯಲ್ಲಿ ನಾಮಿನಿಗೆ ಏನು ಸಿಗುತ್ತದೆಂದು ಒಂದು ವಾಕ್ಯದಲ್ಲಿ ತಿಳಿಸಬೇಕು.

ಕೊನೆಗೆ ಕರಡನ್ನು ಬ್ಯಾಂಕಿನ ಕೆಲಸ ಗೊತ್ತಿಲ್ಲದ ನಾಲ್ಕೈದು ಜನರಿಗೆ ಕೊಟ್ಟು ಓದಿಸಬೇಕು. ‘ಅರ್ಥವಾಯಿತೇ?’ ಎಂದು ಕೇಳಿದರೆ ಸಂಕೋಚಕ್ಕೆ ಎಲ್ಲರೂ ಹೌದೆನ್ನುತ್ತಾರೆ. ಅದರ ಬದಲು ‘ಗಡುವು ಜೂನ್ 10, ಇವತ್ತು ಜುಲೈ 5, ನೀವೇನು ಮಾಡುತ್ತೀರಿ?’ ಎಂದು ಕೇಳಿ. ‘ಈಗಲೇ ಹೋಗಿ ಕಟ್ಟುತ್ತೇನೆ’ ಎಂಬ ಉತ್ತರ ಬಂದರೆ ಆ ಭಾಗ ಸರಿಯಿದೆ. ಇಬ್ಬರು ‘ಪಾಲಿಸಿ ಹೋಯಿತಲ್ಲ’ ಎಂದರೆ, ಅವರ ಬೆರಳು ಕರಪತ್ರದ ಯಾವ ಪದದ ಮೇಲೆ ನಿಂತಿದೆಯೋ ಅದನ್ನೇ ಮತ್ತೆ ತಿದ್ದಬೇಕು.