ಕರೆಂಟ್ ಹೋದಾಗ ಕಾರ್ಡ್ ಬಾಗಿಲು ಏನು ಮಾಡಬೇಕು?

ಚಿಕ್ಕ ಆಫೀಸಿಗೆ ಕಾರ್ಡ್ ಲಾಕ್ ಹಾಕಿಸುವವರು ಮೊದಲು ವಿಚಾರಿಸುವುದು ರೀಡರ್ ಯಾವುದು, ಕಾರ್ಡ್ ಎಷ್ಟು ಸಿಗುತ್ತದೆ ಎಂದು. ಅದಕ್ಕೂ ಮೊದಲು ತೀರ್ಮಾನವಾಗಬೇಕಾದ ವಿಷಯ ಬೇರೆ ಇದೆ. ಕರೆಂಟ್ ಹೋದಾಗ ಬಾಗಿಲು ಹೊರಗಿನವರಿಗೆ ತೆರೆದುಕೊಳ್ಳಬೇಕೋ, ಮುಚ್ಚಿಯೇ ಇರಬೇಕೋ? ಬಾಗಿಲನ್ನು ಹಿಡಿದಿಡುವ ಸ್ಟ್ರೈಕ್ ಯಾವುದು ತರಬೇಕು, ವೈರ್ ಯಾವ ಟರ್ಮಿನಲ್‌ಗೆ ಹೋಗಬೇಕು, ಬ್ಯಾಟರಿ ಎಷ್ಟು ದೊಡ್ಡದಿರಬೇಕು ಅನ್ನುವುದೆಲ್ಲ ಈ ಉತ್ತರದ ಮೇಲೆ ನಿಂತಿದೆ.

ಘಾಟ್ಕೋಪರ್‌ನ ಒಂದು ಹಳೆಯ ಕಟ್ಟಡದ ಎರಡನೇ ಮಹಡಿಯ ಆಫೀಸನ್ನೇ ತೆಗೆದುಕೊಳ್ಳೋಣ. ಟ್ಯಾಕ್ಸ್ ಕೆಲಸ, ಏಳು ಜನ, ಒಂದೇ ಮರದ ಬಾಗಿಲು. ಬಾಗಿಲಿಗೆ ಮೊದಲಿನಿಂದ ನೈಟ್ ಲ್ಯಾಚ್ ಇದೆ. ಹೊರಗಿನಿಂದ ಕೀಲಿ, ಒಳಗಿನಿಂದ ತಿರುಗಿಸುವ ಗುಂಡಿ. ಮಾಲೀಕರು ಕುಂದಾಪುರದವರು. ಅವರ ಮಾತು ಸ್ಪಷ್ಟವಾಗಿತ್ತು: "ಕರೆಂಟ್ ಹೋದ್ರೆ ಹುಡುಗ್ರು ಒಳಗೆ ಸಿಕ್ಕಿಹಾಕ್ಕೊಂಡ್ರೆ ಏನು ಗತಿ ಮಾರಾಯ್ರೆ? ತನ್ನಿಂತಾನೇ ತೆಗೆದುಕೊಳ್ಳುವಂಥದ್ದೇ ಹಾಕಿ." 2020ರ ಅಕ್ಟೋಬರ್ 12ರ ಬೆಳಿಗ್ಗೆ ಬಹುತೇಕ ಮುಂಬೈಗೆ ಕರೆಂಟ್ ಹೋಗಿ ಲೋಕಲ್ ರೈಲುಗಳು ನಿಂತಲ್ಲೇ ನಿಂತದ್ದನ್ನು ನೋಡಿದವರಿಗೆ ಈ ಭಯ ಸಹಜ. ಆದರೆ ಅವರು ಕೇಳಿದ ಲಾಕ್ ಆ ಭಯಕ್ಕೆ ಸರಿಯಾದ ಮದ್ದಲ್ಲ. ಯಾಕೆ ಎಂದು ತಿಳಿಯಲು ಸ್ಟ್ರೈಕ್ ಹೇಗೆ ಕೆಲಸ ಮಾಡುತ್ತದೆ ಎಂದು ನೋಡಬೇಕು.

ಸ್ಟ್ರೈಕ್ ಕೂರುವುದು ಬಾಗಿಲಿನಲ್ಲಲ್ಲ, ಚೌಕಟ್ಟಿನಲ್ಲಿ. ನೈಟ್ ಲ್ಯಾಚಿನ ನಾಲಿಗೆ ಹೋಗಿ ಕೂರುವ ಕಬ್ಬಿಣದ ಗೂಡನ್ನು ತೆಗೆದು, ಅದೇ ಜಾಗಕ್ಕೆ ಇದನ್ನು ಹಾಕುತ್ತಾರೆ. ಇದರ ಒಂದು ಬದಿ ತಿರುಗುವ ತುಟಿಯಂತಿದೆ. ಒಳಗಿನ ಸೊಲೆನಾಯ್ಡ್, ಅಂದರೆ ಕರೆಂಟ್ ಹರಿದಾಗ ಆಯಸ್ಕಾಂತವಾಗುವ ತಂತಿಯ ಸುರುಳಿ, ಆ ತುಟಿಯನ್ನು ಹಿಡಿಯುತ್ತದೆ ಅಥವಾ ಬಿಡುತ್ತದೆ. ಬಿಟ್ಟಾಗ ಬಾಗಿಲು ತಳ್ಳಿದರೆ ತುಟಿ ಮಡಚಿ ನಾಲಿಗೆಗೆ ದಾರಿ ಕೊಡುತ್ತದೆ. ನಾಲಿಗೆ ಮಾತ್ರ ಚಾಚಿಕೊಂಡೇ ಇರುತ್ತದೆ.

ಇದರಲ್ಲಿ ಎರಡು ಜಾತಿ. ಫೇಲ್-ಸೇಫ್ ಸ್ಟ್ರೈಕಿಗೆ ಬಾಗಿಲು ಹಿಡಿದಿಡಲು ಕರೆಂಟ್ ಬೇಕು. ಕರೆಂಟ್ ನಿಂತರೆ ಬಾಗಿಲು ಸಡಿಲ. ಫೇಲ್-ಸೆಕ್ಯೂರ್ ಸ್ಟ್ರೈಕಿಗೆ ತೆರೆಯಲು ಕರೆಂಟ್ ಬೇಕು. ಕರೆಂಟ್ ನಿಂತರೆ ಹೊರಗಿನವರಿಗೆ ಬಾಗಿಲು ಭದ್ರ.

ಈಗ ಒಳಗಿರುವವರ ವಿಷಯ. ಒಳಗಿನ ಗುಂಡಿ ತಿರುಗಿಸಿದರೆ ನಾಲಿಗೆಯೇ ಹಿಂದಕ್ಕೆ ಸರಿಯುತ್ತದೆ. ಸ್ಟ್ರೈಕ್ ಹಿಡಿದಿದೆಯೋ ಬಿಟ್ಟಿದೆಯೋ ಅದಕ್ಕೆ ಲೆಕ್ಕವಿಲ್ಲ. ಅಂದರೆ ಎರಡೂ ಜಾತಿಯ ಸ್ಟ್ರೈಕಿನಲ್ಲಿ ಒಳಗಿನವರು ಕರೆಂಟಿಲ್ಲದೆ ಹೊರಗೆ ಬರಬಹುದು. ಸಿಕ್ಕಿಹಾಕಿಕೊಳ್ಳುವ ಭಯ ಬಂದಿರುವುದು ಮ್ಯಾಗ್ನೆಟ್ ಲಾಕಿನಿಂದ. ಅದರಲ್ಲಿ ನಾಲಿಗೆಯೂ ಇಲ್ಲ, ಗುಂಡಿಯೂ ಇಲ್ಲ. ಆಯಸ್ಕಾಂತ ಬಿಟ್ಟರೆ ಮಾತ್ರ ದಾರಿ. ಹಾಗಾಗಿ ಅದು ಕರೆಂಟ್ ಹೋದಾಗ ಬಿಡಲೇಬೇಕು. ಹೊರಹೋಗುವ ಬಾಗಿಲು ಒಳಗಿನಿಂದ ಕೀಲಿಯಿಲ್ಲದೆ ತೆರೆಯಬೇಕು ಎಂದು ರಾಷ್ಟ್ರೀಯ ಕಟ್ಟಡ ಸಂಹಿತೆಯೂ ಹೇಳುತ್ತದೆ. ನೈಟ್ ಲ್ಯಾಚಿನ ಗುಂಡಿ ಆ ಕೆಲಸವನ್ನು ವೈರಿಲ್ಲದೆ ಮಾಡುತ್ತದೆ.

ಒಂದು ಎಚ್ಚರಿಕೆ ಮಾತ್ರ ಇದೆ. ಕೆಲವು ನೈಟ್ ಲ್ಯಾಚ್‌ಗಳಲ್ಲಿ ಹೊರಗಿನಿಂದ ಕೀಲಿಯನ್ನು ಇನ್ನೊಂದು ಸುತ್ತು ತಿರುಗಿಸಿದರೆ ಒಳಗಿನ ಗುಂಡಿಯೂ ಕಟ್ಟಿಬೀಳುತ್ತದೆ. ನಿಮ್ಮದು ಹಾಗಿದೆಯಾ ಎಂದು ಬಾಗಿಲು ತೆರೆದಿಟ್ಟುಕೊಂಡು ತಿರುಗಿಸಿ ನೋಡಿ. ಇದ್ದರೆ ಆ ಲ್ಯಾಚ್ ಬದಲಿಸಿ ಬಿಡಿ. ರಾತ್ರಿ ಬೀಗ ಹಾಕುವವನಿಗೆ ಒಳಗೆ ಯಾರೋ ಕೆಲಸ ಮಾಡುತ್ತಿರುವುದು ಗೊತ್ತಿರುವುದಿಲ್ಲ.

ಬ್ಯಾಟರಿಯ ಲೆಕ್ಕ

ಘಾಟ್ಕೋಪರ್ ಆಫೀಸಿನಲ್ಲಿ ಫೇಲ್-ಸೇಫ್ ಹಾಕಿದ್ದರೆ ಏನಾಗುತ್ತಿತ್ತು? ರೀಡರ್ ಮತ್ತು ಕಾರ್ಡ್ ಸರಿಯಿದೆಯೇ ಎಂದು ತೀರ್ಮಾನಿಸುವ ಕಂಟ್ರೋಲರ್ ಸೇರಿ ಸುಮಾರು 100 ಮಿಲಿಆಂಪಿಯರ್ ಎಳೆಯುತ್ತವೆ ಎಂದುಕೊಳ್ಳಿ. ಫೇಲ್-ಸೇಫ್ ಸ್ಟ್ರೈಕ್ ಹಗಲೂ ರಾತ್ರಿ 250 ಎಳೆಯುತ್ತದೆ. ಒಟ್ಟು 350. ಇಂಥ ಪವರ್ ಸಪ್ಲೈ ಡಬ್ಬಿಗಳಲ್ಲಿ ಸಾಮಾನ್ಯವಾಗಿ ಇಡುವುದು 12 ವೋಲ್ಟಿನ, 7 ಆಂಪಿಯರ್-ಗಂಟೆಯ ಸೀಲ್ಡ್ ಬ್ಯಾಟರಿ. 350 ಮಿಲಿಆಂಪಿಯರ್ ಎಳೆದರೆ ಹೊಸ ಬ್ಯಾಟರಿ 20 ಗಂಟೆ ಬರುತ್ತದೆ. ಒಂದೆರಡು ವರ್ಷ ಮುಂಬೈ ಸೆಖೆಯಲ್ಲಿ ಕೂತ ಬ್ಯಾಟರಿಗೆ 14 ಗಂಟೆ ಹಿಡಿಯುವುದು ಜಾಣತನ.

ಶನಿವಾರ ಸಂಜೆ 7ಕ್ಕೆ ಆಫೀಸು ಮುಚ್ಚಿದರೆ ಸೋಮವಾರ ಬೆಳಿಗ್ಗೆ 9ರವರೆಗೆ 38 ಗಂಟೆ. ಮುಚ್ಚಿದ ಕೂಡಲೇ ಎಮ್‌ಸಿಬಿ ಟ್ರಿಪ್ ಆಯಿತು ಎಂದರೆ ಭಾನುವಾರ ಬೆಳಿಗ್ಗೆಯಿಂದ ಗ್ರಾಹಕರ ಕಾಗದಪತ್ರಗಳಿರುವ ಆಫೀಸು ತಳ್ಳಿದವರಿಗೆ ತೆರೆಯುತ್ತದೆ. ಇಡೀ ಊರಿನ ಕರೆಂಟ್ ಹೋಗಬೇಕಾಗಿಲ್ಲ. ಮೀಟರ್ ರೂಮಿನಲ್ಲಿ ಯಾರೋ ನಿಮ್ಮ ಸ್ವಿಚ್ ಇಳಿಸಿದರೂ ಸಾಕು.

ಫೇಲ್-ಸೆಕ್ಯೂರ್ ಆದರೆ ಸುಮ್ನೆ ಇರುವಾಗ ಎಳೆಯುವುದು ಬರೀ 100. ಬಾಗಿಲು ತೆರೆದಾಗ ಸ್ಟ್ರೈಕ್ 400 ಮಿಲಿಆಂಪಿಯರ್ ಎಳೆದರೂ ಅದು ಐದು ಸೆಕೆಂಡಿನ ಮಾತು. ದಿನಕ್ಕೆ ನಲವತ್ತು ಸಲ ತೆರೆದರೂ ಬ್ಯಾಟರಿಗೆ ಅದು ಲೆಕ್ಕಕ್ಕೇ ಬರುವುದಿಲ್ಲ. ಅದೇ ಬ್ಯಾಟರಿ ಹಳತಾದರೂ ಎರಡು ದಿನ ಬರುತ್ತದೆ. ಪೂರ್ತಿ ಬತ್ತಿದರೂ ಬಾಗಿಲು ಮುಚ್ಚಿಯೇ ಇರುತ್ತದೆ, ಕೀಲಿ ಇದ್ದವರು ಒಳಗೆ ಹೋಗಬಹುದು. ಲೆಕ್ಕ ಕೇಳಿದ ಮೇಲೆ ಮಾಲೀಕರು ಒಪ್ಪಿದ್ದು ಇದಕ್ಕೇ.

ಫೇಲ್-ಸೇಫ್ ಬೇಕಾಗುವ ಕಡೆಗಳೂ ಇವೆ. ಬೆಂಕಿ ಬಿದ್ದಾಗ ಮೆಟ್ಟಿಲಿನಿಂದ ಜನ ಮತ್ತೆ ಮಹಡಿಯೊಳಗೆ ಬರಬೇಕಾದ ಬಾಗಿಲು, ಅಥವಾ ಫೈರ್ ಅಲಾರ್ಮ್ ಹೊಡೆದಾಗ ತನ್ನಿಂತಾನೇ ಬಿಡಬೇಕು ಎಂದು ಕಟ್ಟಡದ ಫೈರ್ ವ್ಯವಸ್ಥೆ ನೋಡುವವರು ಹೇಳಿದ ಬಾಗಿಲು. ಅಲ್ಲಿ ರಾತ್ರಿಯ ಕಾವಲಿಗೆ ಬೇರೆ ವ್ಯವಸ್ಥೆ ಬೇಕು. ಎಲ್ಲರೂ ಹೋದ ಮೇಲೆ ಎಳೆಯುವ ರೋಲಿಂಗ್ ಶಟರ್, ಇಲ್ಲವೇ ಕಟ್ಟಡದ ಕಾವಲುಗಾರ.

ಕೂರಿಸುವ ಕೆಲಸ

ಸ್ಟ್ರೈಕ್ ಕೈಗೆ ಬಂದ ಕೂಡಲೇ ಮೇಜಿನ ಮೇಲಿಟ್ಟು, ವೈರ್ ಕೊಡದೆ ತುಟಿಯನ್ನು ಬೆರಳಿನಿಂದ ಒತ್ತಿ. ಮಡಚಿದರೆ ಫೇಲ್-ಸೇಫ್, ಗಟ್ಟಿಯಾಗಿ ನಿಂತರೆ ಫೇಲ್-ಸೆಕ್ಯೂರ್. ಡಬ್ಬದ ಮೇಲಿನ ಬರಹವನ್ನು ನಂಬಬೇಡಿ. ಕೆಲವು ಮಾದರಿಗಳಲ್ಲಿ ಒಂದು ಸ್ಕ್ರೂ ಬದಲಿಸಿ ಜಾತಿ ಬದಲಾಯಿಸಬಹುದು, ಅಂಗಡಿಯವರು ಅದನ್ನು ಮುಟ್ಟಿರಲೂಬಹುದು.

ಸ್ಟ್ರೈಕಿಗೆ ಕರೆಂಟ್ ಕೊಡುವುದು, ನಿಲ್ಲಿಸುವುದು ಕಂಟ್ರೋಲರಿನ ರಿಲೇ ಎಂಬ ಸ್ವಿಚ್. ಅದಕ್ಕೆ ಮೂರು ಟರ್ಮಿನಲ್: ಕಾಮ್, ಎನ್‌ಓ, ಎನ್‌ಸಿ. ಸುಮ್ಮನಿರುವಾಗ ಕಾಮ್ ಎನ್‌ಸಿಗೆ ಕೂಡಿರುತ್ತದೆ, ಕಾರ್ಡ್ ಒಪ್ಪಿದಾಗ ಎನ್‌ಓಗೆ. ಪವರ್ ಸಪ್ಲೈಯ ಪ್ಲಸ್ ಕಾಮ್‌ಗೆ ಬರಲಿ. ಫೇಲ್-ಸೆಕ್ಯೂರ್ ಸ್ಟ್ರೈಕಿನ ಪ್ಲಸ್ ಎನ್‌ಓಗೆ, ಫೇಲ್-ಸೇಫ್ ಆದರೆ ಎನ್‌ಸಿಗೆ. ಮೈನಸ್ ನೇರವಾಗಿ ಸಪ್ಲೈಗೆ ಹೋಗುತ್ತದೆ. ಫೇಲ್-ಸೇಫ್ ಹಾಕುವವರು ಸ್ಟ್ರೈಕಿಗೂ ಕಂಟ್ರೋಲರಿಗೂ ಬೇರೆ ಬೇರೆ ಸಪ್ಲೈ ಕೊಡಬಾರದು. ಕಂಟ್ರೋಲರಿನ ಸಪ್ಲೈ ಮಾತ್ರ ಸತ್ತರೆ ಎನ್‌ಸಿ ಕೂಡಿಕೊಂಡೇ ಇರುತ್ತದೆ, ಸ್ಟ್ರೈಕಿಗೆ ಕರೆಂಟ್ ಹರಿಯುತ್ತಲೇ ಇರುತ್ತದೆ. ಹೆಸರಿಗೆ ಫೇಲ್-ಸೇಫ್, ಬಾಗಿಲು ಮಾತ್ರ ಬಂದ್.

ಕಂಟ್ರೋಲರ್ ಒಳಗಿರಲಿ, ರೀಡರ್ ಮಾತ್ರ ಹೊರಗೆ. ರಿಲೇ ರೀಡರಿನ ಹೊಟ್ಟೆಯಲ್ಲೇ ಇರುವ ಅಗ್ಗದ ಮಾದರಿಯನ್ನು ಹೊರಗೋಡೆಗೆ ಹಾಕಿದರೆ, ಅದನ್ನು ಕಿತ್ತು ಎರಡು ವೈರ್ ಕೂಡಿಸಿದವನಿಗೆ ಕಾರ್ಡೇ ಬೇಡ.

ಸ್ಟ್ರೈಕಿನ ಎರಡು ಟರ್ಮಿನಲ್‌ಗಳ ನಡುವೆ, ಸ್ಟ್ರೈಕಿನ ಹತ್ತಿರವೇ, 1ಎನ್4007 ಡಯೋಡ್ ಹಾಕಿ. ಗೆರೆ ಇರುವ ತುದಿ ಪ್ಲಸ್ ಕಡೆಗೆ. ತಿರುಗಿಸಿ ಹಾಕಿದರೆ ಸಪ್ಲೈ ಶಾರ್ಟ್ ಆಗುತ್ತದೆ. ಸೊಲೆನಾಯ್ಡ್ ನಿಲ್ಲುವಾಗ ಹಿಂದಕ್ಕೆ ಹೊಡೆಯುವ ವೋಲ್ಟೇಜನ್ನು ಈ ಡಯೋಡ್ ನುಂಗಿಕೊಳ್ಳುತ್ತದೆ. ಇಲ್ಲದಿದ್ದರೆ ಕಂಟ್ರೋಲರ್ ಆಗಾಗ ತಾನಾಗಿ ರೀಸೆಟ್ ಆಗಬಹುದು. ರಿಲೇಯ ತುದಿಗಳು ಸುಟ್ಟು ಅಂಟಿಕೊಳ್ಳಲೂಬಹುದು, ಆಗ ಫೇಲ್-ಸೆಕ್ಯೂರ್ ಬಾಗಿಲು ತೆರೆದೇ ಉಳಿಯುತ್ತದೆ.

ವೈರಿನ ದಪ್ಪ ಎಲ್ಲರೂ ಕಡೆಗಣಿಸುವ ವಿಷಯ. ನೆಟ್‌ವರ್ಕ್ ಕೇಬಲ್ ಉಳಿದಿದೆ ಎಂದು ಅದರ ಒಂದು ಜೋಡಿಯನ್ನೇ ಸ್ಟ್ರೈಕಿಗೆ ಎಳೆಯುತ್ತಾರೆ. 15 ಮೀಟರ್ ದೂರಕ್ಕೆ ಹೋಗಿ ಬರುವ ದಾರಿಯಲ್ಲಿ, 400 ಮಿಲಿಆಂಪಿಯರಿಗೆ ಸುಮಾರು 1 ವೋಲ್ಟ್ ದಾರಿಯಲ್ಲೇ ಕಳೆಯುತ್ತದೆ. ಕರೆಂಟ್ ಇದ್ದಾಗ ಸಪ್ಲೈ 13.5ರ ಆಸುಪಾಸು ಕೊಡುವುದರಿಂದ ಏನೂ ಗೊತ್ತಾಗುವುದಿಲ್ಲ. ಬ್ಯಾಟರಿ ಇಳಿದು 11.2ಕ್ಕೆ ಬಂದಾಗ ಸ್ಟ್ರೈಕಿಗೆ ತಲುಪುವುದು 10.2. ರೀಡರ್ ಹಸಿರು ದೀಪ ತೋರಿಸುತ್ತದೆ, ಸ್ಟ್ರೈಕ್ ಮಿಸುಕದೇ ಇರಬಹುದು. ಕರೆಂಟ್ ಹೋದ ದಿನವೇ ಕಾಣುವ ದೋಷ ಇದು. 1 ಚದರ ಮಿಲಿಮೀಟರಿನ ತಾಮ್ರದ ವೈರ್ ಎಳೆದರೆ ನಷ್ಟ ಕಾಲು ವೋಲ್ಟೂ ಆಗುವುದಿಲ್ಲ.

ಮಳೆಗಾಲದ ತೊಂದರೆ ಬೇರೆ. ಮರ ಉಬ್ಬಿ ಬಾಗಿಲು ಬಿಗಿಯಾದಾಗ ನಾಲಿಗೆ ಸದಾ ತುಟಿಯನ್ನು ಒತ್ತುತ್ತಿರುತ್ತದೆ. ಆ ಒತ್ತಡದಲ್ಲಿ ಸೊಲೆನಾಯ್ಡ್ ಬಿಡಲಾರದೆ ಒದ್ದಾಡುತ್ತದೆ. ಕಾರ್ಡ್ ತೋರಿಸಿದಾಗ ಬಾಗಿಲನ್ನು ನಿಮ್ಮ ಕಡೆ ಸ್ವಲ್ಪ ಎಳೆದರೆ ತೆರೆಯುತ್ತದೆ ಎಂದಾದರೆ ಕಾರಣ ಇದೇ. ಫೇಲ್-ಸೇಫ್ ಸ್ಟ್ರೈಕ್ ಕೂಡ ಇದೇ ಒತ್ತಡಕ್ಕೆ ಸಿಕ್ಕಿ, ಕರೆಂಟ್ ಹೋದಾಗ ಬಿಡದೇ ಇರಬಹುದು. ಸ್ಟ್ರೈಕನ್ನು ಒಂದೆರಡು ಮಿಲಿಮೀಟರ್ ಸರಿಸಿ, ನಾಲಿಗೆಗೂ ತುಟಿಗೂ ನಡುವೆ ಸ್ವಲ್ಪ ಆಟ ಬಿಡಿ.

ಕರೆಂಟ್ ತೆಗೆದು ನೋಡುವುದು

ಕೆಲಸ ಮುಗಿದ ಮೇಲೆ ಒಬ್ಬರು ಒಳಗೆ, ಒಬ್ಬರು ಹೊರಗೆ ನಿಲ್ಲಿ. ಕೀಲಿ ಹೊರಗಿನವರ ಕೈಯಲ್ಲಿರಲಿ.

ಮೊದಲು ಎಮ್‌ಸಿಬಿ ಇಳಿಸಿ. ಬ್ಯಾಟರಿಯ ಮೇಲೆ ಕಾರ್ಡ್ ಕೆಲಸ ಮಾಡಬೇಕು. ಹಾಗೆಯೇ ಒಂದೆರಡು ಗಂಟೆ ಬಿಟ್ಟು ಮತ್ತೆ ಕಾರ್ಡ್ ತೋರಿಸಿ, ತೆರೆಯುವ ಕ್ಷಣಕ್ಕೆ ಸ್ಟ್ರೈಕಿನ ಟರ್ಮಿನಲ್ ಮೇಲೆ ಮಲ್ಟಿಮೀಟರ್ ಹಿಡಿದು ವೋಲ್ಟೇಜ್ ಬರೆದಿಡಿ. ಅನಂತರ ಬ್ಯಾಟರಿಯ ಒಂದು ವೈರ್ ಕಳಚಿ. ಈಗ ಫೇಲ್-ಸೆಕ್ಯೂರ್ ಆದರೆ ಹೊರಗಿನಿಂದ ಜೋರಾಗಿ ತಳ್ಳಿದರೂ ಬಾಗಿಲು ತೆರೆಯಬಾರದು. ಒಳಗಿನ ಗುಂಡಿ ಒಂದೇ ಕೈಯಲ್ಲಿ ತಿರುಗಬೇಕು, ಹೊರಗಿನ ಕೀಲಿಯೂ ತಿರುಗಬೇಕು. ಕೊನೆಗೆ ಕರೆಂಟ್ ವಾಪಸ್ ಕೊಡುವಾಗ ಕಿವಿಗೊಟ್ಟು ಕೇಳಿ. ಕೆಲವು ಕಂಟ್ರೋಲರ್‌ಗಳು ಶುರುವಾಗುವ ಕ್ಷಣದಲ್ಲಿ ರಿಲೇಯನ್ನು ಒಮ್ಮೆ ಟಕ್ ಎನ್ನಿಸುತ್ತವೆ. ಹಾಗಾದರೆ ಪ್ರತಿ ಸಲ ಕರೆಂಟ್ ಬಂದಾಗಲೂ ಬಾಗಿಲು ಕ್ಷಣಕಾಲ ಬಿಡುತ್ತದೆ. ಆ ಕಂಟ್ರೋಲರನ್ನು ಅಂಗಡಿಗೆ ಹಿಂತಿರುಗಿಸಿ.

ಕೀಲಿ ಎರಡು ಇರಲಿ: ಒಂದು ಮಾಲೀಕರ ಬಳಿ, ಇನ್ನೊಂದು ಬೆಳಿಗ್ಗೆ ಮೊದಲು ಬರುವವರ ಬಳಿ. ಎರಡೂ ಆಫೀಸಿನ ಡ್ರಾಯರಿನಲ್ಲಿ ಉಳಿದರೆ, ಬ್ಯಾಟರಿ ಬತ್ತಿದ ದಿನ ಒಳಗೆ ಹೋಗಲು ಬಡಗಿಯನ್ನೇ ಕರೆಯಬೇಕಾಗುತ್ತದೆ.