ಅರಿಶಿನದ ಪೇಪರಲ್ಲೇ ಆಮ್ಲಾನೂ ಪತ್ತೆ ಮಾಡ್ಬೋದು

ಆಮ್ಲ ಪ್ರತ್ಯಾಮ್ಲ ಪಾಠ ಮಾಡೋರಿಗೆ ಒಂದು ಟಿಪ್ಪು, ಅರಿಶಿನದ ಪೇಪರನ್ನ ಮೊದಲು ಸೋಪಿನ ನೀರಲ್ಲಿ ಅದ್ದಿ ಕೆಂಪು ಮಾಡ್ಕೊಂಡು ಆಮೇಲೆ ಅದರ ಮೇಲೆ ನಿಂಬೆರಸ ಬಿಡಿ, ವಾಪಸ್ ಹಳದಿ ಆಗುತ್ತೆ. ಹಳದಿ ಪೇಪರ್ ಮೇಲೆ ನೇರವಾಗಿ ನಿಂಬೆರಸ ಹಾಕಿದ್ರೂ ಬರೀ ನೀರು ಹಾಕಿದ್ರೂ ಹಳದಿನೇ ಇರುತ್ತೆ, ಯಾಕಂದ್ರೆ ಅರಿಶಿನದ ಕರ್ಕ್ಯುಮಿನ್ ಬಣ್ಣ ಬದಲಿಸೋದು ಪ್ರತ್ಯಾಮ್ಲದಲ್ಲಿ ಮಾತ್ರ, ನಮ್ಮ ಆರತಿ ನೀರಿಗೆ ಸುಣ್ಣ ಹಾಕಿದಾಗ ಕೆಂಪಾಗೋದೂ ಇದಕ್ಕೇ. ಅಡುಗೆ ಸೋಡಾ ತುಂಬಾ ದುರ್ಬಲ ಪ್ರತ್ಯಾಮ್ಲ, ಅದರಲ್ಲಿ ಕೆಂಪು ಸರಿಯಾಗಿ ಬರಲ್ಲ, ಮಕ್ಕಳು ಗೊಂದಲ ಆಗ್ತಾರೆ. ಅಲ್ಲಿ ಕೆಂಪು ಕೋಸು ಬೇಕು: ನಾಲ್ಕೈದು ಎಲೆ ಹೆಚ್ಚಿ ಬಿಸಿನೀರಲ್ಲಿ 10 ನಿಮಿಷ ಬಿಟ್ಟು ಸೋಸಿದ್ರೆ ನೇರಳೆ ರಸ ಬರುತ್ತೆ, ಅದು ನಿಂಬೆಗೆ ಗುಲಾಬಿ, ಅಡುಗೆ ಸೋಡಾಗೆ ನೀಲಿ, ವಾಷಿಂಗ್ ಸೋಡಾಗೆ ಹಸಿರು. ಬೋರ್‌ವೆಲ್ ನೀರಲ್ಲಿ ಮಾತ್ರ ಮಾಡ್ಬೇಡಿ, ಆ ಗಡಸು ನೀರಿಗೆ ರಸ ಮೊದಲೇ ನೀಲಿ ತಿರುಗಿಬಿಡುತ್ತೆ, ಫಿಲ್ಟರ್ ನೀರು ತಗೊಳ್ಳಿ, ಆವತ್ತಿನ ರಸ ಆವತ್ತೇ ಬಳಸಿ. ಮಕ್ಕಳ ಕೈಗೆ ನಿಂಬೆ, ಮಜ್ಜಿಗೆ, ಸೋಪು, ಅಡುಗೆ ಸೋಡಾ ಇಷ್ಟೇ ಕೊಡಿ, ವಾಷಿಂಗ್ ಸೋಡಾ ಟೀಚರೇ ಕನ್ನಡಕ ಹಾಕ್ಕೊಂಡು ತೋರಿಸ್ಲಿ. ಟಾಯ್ಲೆಟ್ ಕ್ಲೀನರ್, ಬ್ಲೀಚಿಂಗ್ ಪೌಡರ್ ಕ್ಲಾಸಿಗೆ ತರ್ಲೇಬೇಡಿ, ಎರಡೂ ಸೇರಿದ್ರೆ ಕ್ಲೋರಿನ್ ಅನ್ನೋ ವಿಷಗಾಳಿ ಬರುತ್ತೆ. ಯಾವುದನ್ನೂ ರುಚಿ ನೋಡೋದು ಬೇಡ, ಮಜ್ಜಿಗೆನೂ ಸೇರಿ, ಕಣ್ಣಿಗೆ ಹಾರಿದ್ರೆ ಉಜ್ಜದೆ 15 ನಿಮಿಷವಾದ್ರೂ ನೀರಲ್ಲಿ ತೊಳೀತಾ ಇರಿ, ಆಮೇಲೆ ಡಾಕ್ಟರಿಗೆ ತೋರಿಸಿ.