ಸಣ್ಣ ಫ್ಲಾಟಿಗೆ ಎಷ್ಟು ವೈಫೈ ಪವರ್ ಸಾಕು? ನಾನು ಅಳೆದು ಇಳಿಸಿದ ರೀತಿ

ನಮ್ಮದು ಬೆಂಗಳೂರಿನಲ್ಲಿ ಒಂದು ಬೆಡ್‌ರೂಮಿನ ಫ್ಲಾಟು. ಬಾಗಿಲಿನಿಂದ ಯುಟಿಲಿಟಿವರೆಗೆ ನಡೆದರೆ ಹತ್ತು ಮೀಟರೂ ಆಗುವುದಿಲ್ಲ. ಇಷ್ಟು ಜಾಗಕ್ಕೆ ರೂಟರ್ 2.4 ಗಿಗಾಹರ್ಟ್ಸ್‌ನಲ್ಲಿ 20 ಡಿಬಿಎಂ, ಅಂದರೆ 100 ಮಿಲಿವ್ಯಾಟ್ ಪವರ್ ಬಿಡುತ್ತಿತ್ತು. ಹೊಸದಾಗಿ ತಂದ ರೂಟರುಗಳು ಸಾಮಾನ್ಯವಾಗಿ ಫುಲ್ ಪವರಿನಲ್ಲೇ ಇರುತ್ತವೆ, ಯಾರೂ ಅದನ್ನು ಮುಟ್ಟಲು ಹೋಗುವುದಿಲ್ಲ.

ಪಕ್ಕದ ಮನೆ ಆಂಟಿ ಒಂದು ದಿನ ಫೋನ್ ತೋರಿಸಿ, "ನೋಡಪ್ಪ, ನಮ್ಮ ಬೆಡ್‌ರೂಮಲ್ಲಿ ನಮ್ಮ ವೈಫೈಗಿಂತ ನಿಮ್ದೇ ಜಾಸ್ತಿ ಕಡ್ಡಿ ಇದೆ" ಅಂದರು. ಸಂಜೆ ಹೊತ್ತು ಅವರ ಮಗಳ ಜೊತೆ ವಿಡಿಯೊ ಕಾಲ್ ನಿಂತು ನಿಂತು ಬರುತ್ತಿತ್ತಂತೆ. ಅವರ ಲೈನ್ ಸರಿಯಾಗೇ ಇತ್ತು. ತೊಂದರೆ ಇದ್ದಿದ್ದು ಗಾಳಿಯಲ್ಲಿ.

ವೈಫೈ ಸಾಧನ ಏನನ್ನಾದರೂ ಕಳಿಸುವ ಮುಂಚೆ ಒಮ್ಮೆ ಆಲಿಸುತ್ತದೆ. ಅದೇ ಚಾನಲ್‌ನಲ್ಲಿ ಬೇರೆಯವರ ಸಿಗ್ನಲ್ ಸುಮಾರು ಮೈನಸ್ 82 ಡಿಬಿಎಂ ಅಥವಾ ಅದಕ್ಕಿಂತ ಜೋರಾಗಿ ಕೇಳಿಸಿದರೆ ಸುಮ್ನೆ ಕಾಯುತ್ತದೆ. ಈ ಮೈನಸ್ ಅಂಕಿ ಸೊನ್ನೆಗೆ ಹತ್ತಿರವಾದಷ್ಟೂ ಸಿಗ್ನಲ್ ಜೋರು. ಚಿಪ್ ಚೆನ್ನಾಗಿದ್ದರೆ ಇನ್ನೂ ಕ್ಷೀಣವಾದದ್ದೂ ಕೇಳಿಸುತ್ತದೆ. ಅಂದರೆ ನನ್ನ ರೂಟರ್ ಎಷ್ಟು ಮನೆಗಳಲ್ಲಿ ಮೈನಸ್ 82ಕ್ಕಿಂತ ಜೋರಾಗಿ ಕೇಳಿಸುತ್ತದೋ, ನಾವು ಸಿನಿಮಾ ನೋಡುವಾಗ ಅಷ್ಟೂ ಮನೆಗಳು ಕಾಯುತ್ತಿರುತ್ತವೆ. ಹಾಗಾಗಿ ಮೊದಲು ಅಳೆಯಬೇಕು.

ಅಳೆಯಲು ಆಂಡ್ರಾಯ್ಡ್ ಫೋನು, ಅದರಲ್ಲಿ ಒಂದು ವೈಫೈ ಅನಲೈಜರ್ ಆಪ್ ಸಾಕು. ಒಂದು ಸಣ್ಣ ತೊಡಕಿದೆ. ಹೊಸ ಆಂಡ್ರಾಯ್ಡ್‌ನಲ್ಲಿ ಆಪ್‌ಗಳು ಪದೇ ಪದೇ ಸ್ಕ್ಯಾನ್ ಮಾಡದಂತೆ ತಡೆ ಇರುವುದರಿಂದ ಪರದೆಯ ಮೇಲಿನ ಅಂಕಿ ಹಳೆಯದೇ ನಿಂತಿರುತ್ತದೆ. Developer options ಒಳಗೆ Wi-Fi scan throttling ಆಫ್ ಮಾಡಿದರೆ ಸರಿಹೋಗುತ್ತದೆ. ಕೈ, ಮೈ ಅಡ್ಡ ಬಂದರೂ ಮೂರು ನಾಲ್ಕು ಡೆಸಿಬಲ್ ಏರುಪೇರಾಗುತ್ತದೆ, ಅದಕ್ಕೇ ಒಂದು ಕಡೆ ಅರ್ಧ ನಿಮಿಷ ನಿಂತು ನೋಡುತ್ತಿದ್ದೆ.

ಶುರುವಿನಲ್ಲಿ ನಮ್ಮ ಬೆಡ್‌ರೂಮಿನಲ್ಲಿ ಮೈನಸ್ 50, ಯುಟಿಲಿಟಿಯಲ್ಲಿ ಮೈನಸ್ 57 ಇತ್ತು. ಆಂಟಿ ಮನೆ ಹಾಲಿನಲ್ಲಿ ಮೈನಸ್ 58! ನಮ್ಮ ಯುಟಿಲಿಟಿಗೂ ಅವರ ಹಾಲಿಗೂ ಹೆಚ್ಚುಕಮ್ಮಿ ಒಂದೇ. ಮೇಲಿನ ಮನೆಯಲ್ಲಿ ಮೈನಸ್ 75, ಕಾರಿಡಾರ್ ಆಚೆಯ ಎದುರು ಮನೆಯ ಒಳಗೆ ಮೈನಸ್ 77. ವಿಡಿಯೊ ಚೆನ್ನಾಗಿ ಓಡಲು ಮೈನಸ್ 67ರ ಆಸುಪಾಸು ಇದ್ದರೆ ಸಾಕು. ಹಾಗಾದರೆ ನನ್ನ ಹತ್ತಿರ ಹತ್ತು ಡೆಸಿಬಲ್ ಬಿಟ್ಟುಕೊಡಲು ಇತ್ತು.

ನನ್ನ ರೂಟರ್‌ನಲ್ಲಿ ಕಂಪನಿಯ ಸಾಫ್ಟ್‌ವೇರ್ ಬದಲು OpenWrt ಇದೆ. ಯಾವ ರೇಡಿಯೊ 2.4 ಅನ್ನುವುದನ್ನು `uci show wireless | grep band` ಕೊಟ್ಟು ನೋಡಿಕೊಂಡು ಹೀಗೆ ಬದಲಿಸಿದೆ:

```
uci set wireless.radio0.txpower='10'
uci commit wireless
wifi reload
```

ಕಂಪನಿಯ ಸಾಫ್ಟ್‌ವೇರೇ ಇರುವ ರೂಟರ್‌ಗಳಲ್ಲಿ ವೈರ್‌ಲೆಸ್ ಅಡ್ವಾನ್ಸ್ಡ್ ಪುಟದಲ್ಲಿ Transmit Power ಅಂತ ಇರುತ್ತದೆ. ಕೆಲವದರಲ್ಲಿ High, Medium, Low, ಕೆಲವದರಲ್ಲಿ ಶೇಕಡಾ ಲೆಕ್ಕ. ಈ ಶೇಕಡಾ ಲೆಕ್ಕ ದಾರಿ ತಪ್ಪಿಸುತ್ತದೆ. ನೂರರಿಂದ ಐವತ್ತಕ್ಕೆ ಇಳಿಸಿದರೆ ಕಡಿಮೆಯಾಗುವುದು ಮೂರೇ ಡೆಸಿಬಲ್, ಫೋನ್ ಹಿಡಿಯುವ ಕೈ ಬದಲಿಸಿದರೂ ಅಷ್ಟಾಗುತ್ತದೆ! ಹತ್ತು ಡೆಸಿಬಲ್ ಇಳಿಯಬೇಕಾದರೆ ಶೇಕಡಾ ಹತ್ತಕ್ಕೆ ಬರಬೇಕು. ಕೆಲವು ಡಬ್ಬಗಳಲ್ಲಿ Low ಅಂತ ಒತ್ತಿದರೂ ಏನೂ ಆಗುವುದಿಲ್ಲ. ಅದಕ್ಕೇ ಸೆಟ್ಟಿಂಗ್ ಬದಲಿಸಿದ ಮೇಲೆ ಅದೇ ಜಾಗದಲ್ಲಿ ನಿಂತು ಅಂಕಿ ನಿಜವಾಗಲೂ ಇಳಿದಿದೆಯಾ ಅಂತ ನೋಡಲೇಬೇಕು.

ನನ್ನದು ಇಳಿದಿತ್ತು. ಯುಟಿಲಿಟಿ ಮೈನಸ್ 67ಕ್ಕೆ ಬಂತು. ಮೇಲಿನ ಮನೆಯಲ್ಲಿ ಮೈನಸ್ 85, ಎದುರು ಮನೆಯಲ್ಲಿ ಮೈನಸ್ 87. ಇಬ್ಬರೂ ಆ 82ರ ಗೆರೆ ದಾಟಿ ಆಚೆ ಹೋದರು. ಆದರೆ ಆಂಟಿ ಮನೆಯಲ್ಲಿ ಇನ್ನೂ ಮೈನಸ್ 68. ಕಡ್ಡಿ ಕಡಿಮೆ ಕಾಣಿಸುತ್ತಿತ್ತು ನಿಜ, ಆದರೆ ಅವರ ರೂಟರ್ ಮೊದಲಿನಷ್ಟೇ ಕಾಯುತ್ತಿತ್ತು. ಪವರ್ ಇಳಿಸಿದರೆ ಎರಡು ಗೋಡೆ ಆಚೆಯವರಿಗೆ ಅನುಕೂಲ. ಒಂದೇ ಗೋಡೆ ಹಂಚಿಕೊಂಡವರಿಗೆ ಅಷ್ಟರಿಂದಲೇ ಆಗುವುದಿಲ್ಲ.

ಇನ್ನೂ ಇಳಿಸೋಣ ಅಂತ 4 ಡಿಬಿಎಂಗೂ ತಂದು ನೋಡಿದೆ. ಇಲ್ಲೇ ವಿಷಯ ಉಲ್ಟಾ ಆಗುವುದು. ಬೆಡ್‌ರೂಮಿನ ಟಿವಿ ಹಿಂದೆ ಒಂದು ಹಳೇ ಸ್ಟಿಕ್ ಇದೆ, ಅದಕ್ಕೆ 2.4 ಮಾತ್ರ ಗೊತ್ತು. `iwinfo phy0-ap0 assoclist` ಕೊಟ್ಟರೆ ರೂಟರ್ ಅದಕ್ಕೆ ಯಾವ ವೇಗದಲ್ಲಿ ಕಳಿಸುತ್ತಿದೆ ಅನ್ನುವುದು TX ಸಾಲಿನಲ್ಲಿ ಕಾಣುತ್ತದೆ. 10 ಡಿಬಿಎಂ ಇದ್ದಾಗ 65 ಮೆಗಾಬಿಟ್ ಇದ್ದದ್ದು 4ಕ್ಕೆ ತಂದಾಗ 26ಕ್ಕೆ ಕುಸಿಯಿತು. ಅದೇ ವಿಡಿಯೊ ಕಳಿಸಲು ರೂಟರ್ ಎರಡೂವರೆ ಪಟ್ಟು ಹೊತ್ತು ಚಾನಲ್ ಹಿಡಿದುಕೊಳ್ಳುತ್ತದೆ ಅಂತಾಯಿತು. ಮೆತ್ತಗಾದರೂ ಉದ್ದಕ್ಕೆ ಮಾತಾಡಿದರೆ ಪಕ್ಕದವರಿಗೆ ಏನು ಲಾಭ? ವಾಪಸ್ 10ಕ್ಕೆ ಬಂದೆ.

ಆಂಟಿ ಮನೆಗೆ ಕೆಲಸ ಮಾಡಿದ್ದು ಬೇರೆ ಎರಡು ಬದಲಾವಣೆ. ರೂಟರ್ ಅವರ ಮನೆಗೂ ನಮಗೂ ನಡುವಿನ ಗೋಡೆಗೇ ಅಂಟಿಕೊಂಡು ಟಿವಿ ಸ್ಟ್ಯಾಂಡ್ ಮೇಲಿತ್ತು. ಅದನ್ನು ಬೆಡ್‌ರೂಮ್ ಗೋಡೆಯ ಕಡೆ ಸರಿಸಿ, ಕಪಾಟಿನ ಮೇಲೆ ಇಟ್ಟೆ. ನಮ್ಮ ಯುಟಿಲಿಟಿಯಲ್ಲಿ ಸಿಗ್ನಲ್ ಮೈನಸ್ 62ಕ್ಕೆ ಸುಧಾರಿಸಿತು, ಅವರ ಹಾಲಿನಲ್ಲಿ ಮೈನಸ್ 75ಕ್ಕೆ ಇಳಿಯಿತು. ಆದರೂ 82 ಆಗಲಿಲ್ಲ ಅಲ್ವಾ? ಹಾಗಾಗಿ ಚಾನಲ್ಲೂ ಬೇರೆ ಮಾಡಲೇಬೇಕಿತ್ತು. ಇಬ್ಬರೂ 6ರಲ್ಲಿದ್ದೆವು, ನಾನು 11ಕ್ಕೆ ಹೋದೆ, ಅಗಲ 20 ಮೆಗಾಹರ್ಟ್ಸ್‌ನಲ್ಲೇ ಇಟ್ಟೆ. 40 ಇಟ್ಟಿದ್ದರೆ 11ಕ್ಕೆ ಹೋಗಿಯೂ ಅವರ ಚಾನಲ್ ಮೇಲೇ ಬೀಳುತ್ತಿದ್ದೆ.

ಪರೀಕ್ಷೆ ಮಾಡಿದ್ದು ಹೀಗೆ. ನಮ್ಮ ಮನೆಯಲ್ಲಿ 2.4ರಲ್ಲಿ ಒಂದು ದೊಡ್ಡ ಫೈಲ್ ಡೌನ್‌ಲೋಡ್‌ಗೆ ಹಾಕಿ, ಅವರ ಮನೆ ಲ್ಯಾಪ್‌ಟಾಪ್‌ನಿಂದ ಅವರದೇ ರೂಟರ್‌ಗೆ `ping 192.168.1.1` ಕೊಟ್ಟೆ. ರೂಟರ್‌ಗಷ್ಟೇ ಕೊಡುವುದರಿಂದ ಇಂಟರ್ನೆಟ್ ಲೈನಿನ ಏರಿಳಿತ ಇದರಲ್ಲಿ ಸೇರುವುದಿಲ್ಲ. ಮೊದಲು ಡೌನ್‌ಲೋಡ್ ಶುರುವಾದ ಕೂಡಲೇ ಅಂಕಿ ನೂರು ಮಿಲಿಸೆಕೆಂಡ್ ದಾಟಿ ಕುಣಿಯುತ್ತಿತ್ತು. ಎಲ್ಲ ಬದಲಿಸಿದ ಮೇಲೆ ನನ್ನ ಡೌನ್‌ಲೋಡ್ ಇದ್ದರೂ ಇಲ್ಲದಿದ್ದರೂ ಒಂದಂಕಿಯಲ್ಲೇ ಇತ್ತು.

ಇದರಿಂದ ನಮ್ಮ ಮನೆಗೆ ಬರುವ ಬೇರೆಯವರ ಗದ್ದಲ ಒಂಚೂರೂ ಕಡಿಮೆಯಾಗಲಿಲ್ಲ, ಆಗುವುದೂ ಇಲ್ಲ. ಅವರ ಪವರ್ ಅವರ ಕೈಯಲ್ಲಿದೆ. ನಮ್ಮ ಫೋನುಗಳೂ ತಮ್ಮ ಪವರ್‌ನಲ್ಲೇ ಕಳಿಸುತ್ತವೆ, ರೂಟರ್ ಇಳಿಸಿದ್ದು ಅವಕ್ಕೆ ಲೆಕ್ಕಕ್ಕಿಲ್ಲ. ಆದರೆ ಮನೆಯಲ್ಲಿ ಜಾಸ್ತಿ ನಡೆಯುವುದು ಡೌನ್‌ಲೋಡೇ, ಅಂದರೆ ಜಾಸ್ತಿ ಮಾತಾಡುವುದು ರೂಟರೇ.

ನಮಗೂ ಒಂದು ಲಾಭ ಸಿಕ್ಕಿತು. 2.4 ಮತ್ತು 5 ಗಿಗಾಹರ್ಟ್ಸ್ ಎರಡಕ್ಕೂ ಒಂದೇ ಹೆಸರು ಇಟ್ಟಿದ್ದೇನೆ. ಮೊದಲು ಬೆಡ್‌ರೂಮಿಗೆ ಹೋದ ತಕ್ಷಣ ಫೋನ್ 2.4ಕ್ಕೆ ಹಾರುತ್ತಿತ್ತು, ಅದೇ ಜೋರಾಗಿ ಕೇಳಿಸುತ್ತಿತ್ತಲ್ಲ. ಈಗ 5ರಲ್ಲೇ ಉಳಿಯುತ್ತದೆ. 5ರ ಪವರ್ ಮುಟ್ಟಿಲ್ಲ. ಗೋಡೆಯೇ ಅದನ್ನು ಸಾಕಷ್ಟು ತಡೆಯುತ್ತದೆ, ಚಾನಲ್ಲುಗಳೂ ಬೇಕಾದಷ್ಟಿವೆ. ಕೆಳಗಿನ ಮನೆಯವರೊಬ್ಬರು ಮಾತ್ರ ಚಾನಲ್ 9ರಲ್ಲಿ ಕೂತು ನನ್ನ 11ಕ್ಕೂ ಆಂಟಿಯ 6ಕ್ಕೂ ಒಟ್ಟಿಗೆ ಅಡ್ಡ ಬರುತ್ತಿದ್ದಾರೆ. ಅವರ ಮನೆಗೆ ಇನ್ನೂ ಹೋಗಬೇಕು.